ಕಟ್ಟುತ್ತಿರುವ ಮನೆಗೆ ಕಂತಿನ ಪತ್ರ ಬಂದಾಗ: ಬಿಲ್ಡರ್‌ನ ಕಂಪ್ಯೂಟರ್ ಲೆಕ್ಕವನ್ನು ಓದುವ ಬಗೆ



ತಾಳವಾಡಿಯಿಂದ ಒಂದು ಕಡೆ ಹೊರಟರೆ ಚಾಮರಾಜನಗರ, ಅದರಾಚೆ ಮೈಸೂರು. ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಅದರಾಚೆ ಕೊಯಮತ್ತೂರು. ಗಡಿ ಊರುಗಳ ಕುಟುಂಬಗಳು ಮಕ್ಕಳ ಓದು, ಕೆಲಸದ ಕಾರಣಕ್ಕೆ ಫ್ಲ್ಯಾಟ್ ಕೊಳ್ಳುವುದಾದರೆ ಈ ಎರಡು ದಾರಿಗಳ ಊರುಗಳಲ್ಲೇ ಹೆಚ್ಚು. ಕಟ್ಟಡ ಇನ್ನೂ ಏಳುತ್ತಿರುವಾಗಲೇ ಬುಕ್ ಮಾಡಿದರೆ ಹಣವನ್ನು ಕಂತು ಕಂತಾಗಿ ಕಟ್ಟಬೇಕಾಗುತ್ತದೆ. ಪ್ರತಿ ಕಂತಿಗೂ ಬಿಲ್ಡರ್ ಕಚೇರಿಯಿಂದ ಒಂದು ಡಿಮ್ಯಾಂಡ್ ಲೆಟರ್ ಬರುತ್ತದೆ. ಕಂಪ್ಯೂಟರ್‌ನಲ್ಲಿ ತಯಾರಾದ ಪತ್ರ, ಅಂಕಿಗಳೆಲ್ಲ ಸಾಲಾಗಿರುತ್ತವೆ, ಕೆಳಗೆ ‘ಸಹಿ ಅಗತ್ಯವಿಲ್ಲ’ ಎಂದೂ ಇರುತ್ತದೆ. ಇದನ್ನು ಕಂಡವರು ಲೆಕ್ಕ ಸರಿಯೇ ಇರಬೇಕೆಂದು ಹಣ ಕಟ್ಟಿಬಿಡುತ್ತಾರೆ.

ಆ ಪತ್ರ ಎಲ್ಲಿ ಹುಟ್ಟುತ್ತದೆ, ಅದರಲ್ಲಿ ಎಲ್ಲಿ ತಪ್ಪು ನುಸುಳುತ್ತದೆ, ಅದನ್ನು ಮನೆಯಲ್ಲಿ ಕುಳಿತೇ ಹೇಗೆ ತಾಳೆ ನೋಡಬಹುದು ಎಂಬುದನ್ನು ಸದಸ್ಯರ ಬಳಕೆಗಾಗಿ ಇಲ್ಲಿ ಬರೆದಿಡಲಾಗಿದೆ.

ಇಆರ್‌ಪಿ ಎಂದರೇನು

ಹಿಂದೆ ಬಿಲ್ಡರ್ ಕಚೇರಿಯಲ್ಲಿ ಮೂರು ಪುಸ್ತಕ ಬೇರೆ ಬೇರೆ ಇರುತ್ತಿದ್ದವು. ಯಾವ ಮನೆ ಯಾರಿಗೆ ಎಂಬ ಬುಕಿಂಗ್ ರಿಜಿಸ್ಟರ್ ಮಾರಾಟದವರ ಹತ್ತಿರ, ಯಾರು ಎಷ್ಟು ಕಟ್ಟಿದ್ದಾರೆ ಎಂಬ ಲೆಡ್ಜರ್ ಅಕೌಂಟ್ಸ್‌ನವರ ಹತ್ತಿರ, ಸಿಮೆಂಟ್, ಕಬ್ಬಿಣ, ಮೇಸ್ತ್ರಿ ಬಿಲ್ಲಿನ ಲೆಕ್ಕ ಸೈಟ್ ಎಂಜಿನಿಯರ್ ಹತ್ತಿರ. ಈ ಮೂರನ್ನೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತಂದರೆ ಅದೇ ಇಆರ್‌ಪಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಾನಾಗಿಯೇ ಕಾಣುತ್ತದೆ ಎಂಬುದೇ ಅದರ ಸಾರ. ದೊಡ್ಡ ಕಂಪನಿಗಳು ಈ ಉದ್ಯಮಕ್ಕೆಂದೇ ಮಾಡಿದ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತವೆ. ಸಣ್ಣ ಊರಿನ ಬಿಲ್ಡರುಗಳಲ್ಲಿ ಅನೇಕರು ಟ್ಯಾಲಿಯಲ್ಲಿ ಜಮಾಖರ್ಚು, ಎಕ್ಸೆಲ್‌ನಲ್ಲಿ ಬುಕಿಂಗ್ ಇಟ್ಟುಕೊಂಡು ನಡೆಸುತ್ತಾರೆ.

ಯಾವುದೇ ವ್ಯವಸ್ಥೆ ಇರಲಿ, ಒಂದು ಮಾತು ನೆನಪಿರಲಿ. ಕಂಪ್ಯೂಟರ್ ಸೈಟಿಗೆ ಹೋಗಿ ನೋಡಿ ಬರುವುದಿಲ್ಲ. ಯಾರೋ ಒಬ್ಬರು ‘ಮೂರನೇ ಮಹಡಿ ಸ್ಲ್ಯಾಬ್ ಮುಗಿಯಿತು’ ಎಂದು ಗುರುತು ಹಾಕಿದರೆ ಅದಕ್ಕೆ ಅದು ಮುಗಿದಂತೆಯೇ.

ಬುಕಿಂಗ್: ಮನೆ ನಿಮ್ಮ ಹೆಸರಿಗೆ ಬೀಳುವುದು

ಇಆರ್‌ಪಿಯಲ್ಲಿ ಪ್ರತಿ ಮನೆಗೂ ಒಂದು ದಾಖಲೆ ಇರುತ್ತದೆ. ಮನೆ ಸಂಖ್ಯೆ, ಮಹಡಿ, ಕಾರ್ಪೆಟ್ ವಿಸ್ತೀರ್ಣ, ಬೆಲೆ, ಜೊತೆಗೆ ಅದರ ಸ್ಥಿತಿ. ಸ್ಥಿತಿ ಎಂದರೆ ಖಾಲಿ, ತಡೆಹಿಡಿದದ್ದು, ಬುಕ್ ಆದದ್ದು, ಕರಾರು ಆದದ್ದು, ರದ್ದಾದದ್ದು ಎಂಬ ಗುರುತು. ಒಮ್ಮೆ ‘ಬುಕ್’ ಎಂದು ಗುರುತು ಬಿದ್ದ ಮನೆಯನ್ನು ಇನ್ನೊಬ್ಬ ಮಾರಾಟಗಾರ ತೆರೆಯಲು ಹೋದರೆ ವ್ಯವಸ್ಥೆ ಬಿಡಬಾರದು. ಒಂದೇ ಮನೆಯನ್ನು ಇಬ್ಬರಿಗೆ ಮಾರುವುದು ತಪ್ಪುವುದು ಹೀಗೆ. ಎಕ್ಸೆಲ್ ಹಾಳೆಯಲ್ಲಿ ಈ ಬೀಗ ಇರುವುದಿಲ್ಲ. ಇಬ್ಬರ ಹತ್ತಿರ ಎರಡು ಪ್ರತಿ ಇದ್ದರೆ ಎರಡರಲ್ಲೂ ಆ ಮನೆ ಖಾಲಿ ಎಂದೇ ಕಾಣುತ್ತದೆ.

ಆದ್ದರಿಂದ ಬುಕಿಂಗ್ ರಸೀದಿಯಲ್ಲಿ ಮನೆ ಸಂಖ್ಯೆ, ಮಹಡಿ, ಕಾರ್ಪೆಟ್ ವಿಸ್ತೀರ್ಣ ಈ ಮೂರೂ ಇವೆಯೇ ಎಂದು ಮೊದಲು ನೋಡಿ. ‘ಆಸಕ್ತಿ ತೋರಿದ್ದಕ್ಕೆ ಮುಂಗಡ’ ಎಂಬ ರಸೀದಿ ಕೊಟ್ಟು ಮನೆ ಸಂಖ್ಯೆ ಬರೆಯದಿದ್ದರೆ ಅವರ ವ್ಯವಸ್ಥೆಯಲ್ಲಿ ಯಾವ ಮನೆಯೂ ನಿಮ್ಮ ಹೆಸರಿಗೆ ಬಿದ್ದಿಲ್ಲ ಎಂದೇ ತಿಳಿಯಬೇಕು.

ಇನ್ನೊಂದು ಬೀಗ ಕಾನೂನಿನದು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಎನ್ನುವ ಕಾಯ್ದೆಯ 13ನೇ ಕಲಂ ಪ್ರಕಾರ ಲಿಖಿತ ಮಾರಾಟ ಕರಾರು ಮಾಡಿ ಅದನ್ನು ನೋಂದಾಯಿಸುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಸರಿಯಾಗಿ ಜೋಡಿಸಿದ ಇಆರ್‌ಪಿಯಲ್ಲಿ ಕರಾರಿನ ನೋಂದಣಿ ಸಂಖ್ಯೆ ತುಂಬುವವರೆಗೆ ಶೇ 10 ದಾಟಿದ ರಸೀದಿ ಹೊರಡುವುದೇ ಇಲ್ಲ. ಕರಾರಿಗೆ ಮೊದಲೇ ಎರಡನೇ ಕಂತಿನ ಪತ್ರ ಬಂದರೆ ಆ ಬೀಗವನ್ನು ಹಾಕಿಲ್ಲ, ಇಲ್ಲವೇ ಯಾರೋ ತೆಗೆದಿದ್ದಾರೆ ಎಂದರ್ಥ.

ಕಂತಿನ ಪತ್ರ ಹುಟ್ಟುವ ಬಗೆ

ಮಾರಾಟ ಕರಾರಿನ ಕೊನೆಯಲ್ಲಿ ಪಾವತಿ ಅನುಸೂಚಿ ಎಂಬ ಪಟ್ಟಿ ಇರುತ್ತದೆ. ಯಾವ ಹಂತಕ್ಕೆ ಶೇಕಡ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪಟ್ಟಿಯನ್ನು ಇಆರ್‌ಪಿಯಲ್ಲಿ ನಿಮ್ಮ ಮನೆಯ ದಾಖಲೆಗೆ ಅಂಟಿಸಿರುತ್ತಾರೆ.

ಸೈಟಿನಲ್ಲಿ ಒಂದು ಹಂತ ಮುಗಿದಾಗ ಎಂಜಿನಿಯರ್ ಅದನ್ನು ದೃಢೀಕರಿಸಿ ಕಚೇರಿಗೆ ತಿಳಿಸುತ್ತಾರೆ. ಕಚೇರಿಯವರು ಆ ಬ್ಲಾಕಿನ ಎದುರು ಹಂತ ಮುಗಿದ ದಿನಾಂಕ ತುಂಬುತ್ತಾರೆ. ಆಗ ಆ ಬ್ಲಾಕಿನಲ್ಲಿ ಬುಕ್ ಮಾಡಿದ ಎಲ್ಲರಿಗೂ ಒಂದೇ ಸಲ ಪತ್ರ ತಯಾರಾಗುತ್ತದೆ. 40 ಮನೆ ಇದ್ದರೆ 40 ಪತ್ರ. ಹಾಗಾಗಿ ಆ ಒಂದು ದಿನಾಂಕವನ್ನು ಹದಿನೈದು ದಿನ ಮುಂಚೆಯೇ ತುಂಬಿದರೆ 40 ಕುಟುಂಬಗಳ ಹಣ ಹದಿನೈದು ದಿನ ಮುಂಚೆಯೇ ಬರುತ್ತದೆ. ಬಿಲ್ಡರ್‌ಗೆ ಕೈಯಲ್ಲಿ ಹಣ ಕಡಿಮೆಯಾದಾಗ ಈ ದಿನಾಂಕವೇ ಮುಂದಕ್ಕೆ ಜಾರುವ ಜಾಗ.

ಹಂತದ ಹೆಸರಿನಲ್ಲೂ ಸೂಕ್ಷ್ಮವಿದೆ. ‘ಮೂರನೇ ಸ್ಲ್ಯಾಬ್ ಆರಂಭಿಸಿದಾಗ’, ‘ಮೂರನೇ ಸ್ಲ್ಯಾಬ್ ಹಾಕಿದಾಗ’, ‘ಮೂರನೇ ಸ್ಲ್ಯಾಬ್ ಪೂರ್ಣಗೊಂಡಾಗ’ ಇವು ಮೂರೂ ಬೇರೆ ಬೇರೆ ದಿನ. ಕೆಳಗೆ ಸೆಂಟ್ರಿಂಗ್ ಕಟ್ಟಲು ಶುರು ಮಾಡಿದ ದಿನವೇ ಆರಂಭ. ಕಾಂಕ್ರೀಟ್ ಸುರಿದ ದಿನ ಹಾಕಿದ ದಿನ. ಆಮೇಲೆ ಅದು ಗಟ್ಟಿಯಾಗಬೇಕು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿನ ಸ್ಲ್ಯಾಬಿಗೆ ಊರುಗೋಲುಗಳನ್ನು 4.5 ಮೀಟರ್‌ವರೆಗಿನ ಅಂತರಕ್ಕೆ 7 ದಿನ, ಅದಕ್ಕೂ ಹೆಚ್ಚಿನ ಅಂತರಕ್ಕೆ 14 ದಿನ ತೆಗೆಯಬಾರದು. ಕರಾರಿನಲ್ಲಿ ‘ಪೂರ್ಣಗೊಂಡಾಗ’ ಎಂದಿದ್ದು ಕಂಪ್ಯೂಟರ್‌ನಲ್ಲಿ ‘ಆರಂಭಿಸಿದಾಗ’ ಎಂದು ತುಂಬಿದ್ದರೆ ಪ್ರತಿ ಸ್ಲ್ಯಾಬಿನ ಹಣವೂ ವಾರಗಟ್ಟಲೆ ಮುಂಚೆ ಕೇಳಲ್ಪಡುತ್ತದೆ. ಬ್ಯಾಂಕ್ ಸಾಲ ಮಾಡಿದವರಿಗೆ ಇದರ ಹೊರೆ ನೇರವಾಗಿಯೇ ಬೀಳುತ್ತದೆ. ಬ್ಯಾಂಕ್ ಆ ಕಂತು ಬಿಡುಗಡೆ ಮಾಡಿದ ದಿನದಿಂದಲೇ ಬಡ್ಡಿ ಓಡುತ್ತದೆ. 4,00,000 ರೂಪಾಯಿಗೆ ಶೇ 9ರಂತೆ ಎರಡು ತಿಂಗಳ ಬಡ್ಡಿ 6,000 ರೂಪಾಯಿ.

ಒಂದು ಉದಾಹರಣೆ ಲೆಕ್ಕ

ಮೈಸೂರಿನಲ್ಲಿ ನಾಲ್ಕು ಸ್ಲ್ಯಾಬಿನ ಕಟ್ಟಡ, ಮನೆಯ ಕಾರ್ಪೆಟ್ ವಿಸ್ತೀರ್ಣ 80 ಚದರ ಮೀಟರ್, ಎಲ್ಲ ಶುಲ್ಕ ಸೇರಿ ತೆರಿಗೆಗೆ ಮುಂಚಿನ ಬೆಲೆ 40,00,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕರಾರಿನ ಪಾವತಿ ಪಟ್ಟಿ ಹೀಗಿದೆ ಎನ್ನೋಣ.

- ಬುಕಿಂಗ್: ಶೇ 10
- ಕರಾರು ನೋಂದಣಿ: ಶೇ 10
- ತಳಪಾಯ: ಶೇ 15
- ನಾಲ್ಕು ಸ್ಲ್ಯಾಬ್, ಒಂದೊಂದಕ್ಕೆ ಶೇ 10ರಂತೆ: ಶೇ 40
- ಗೋಡೆ ಮತ್ತು ಗಾರೆ: ಶೇ 10
- ನೆಲ, ಬಾಗಿಲು, ನಲ್ಲಿ ಜೋಡಣೆ: ಶೇ 10
- ಸ್ವಾಧೀನ: ಶೇ 5

ಮೂರನೇ ಸ್ಲ್ಯಾಬಿನ ಪತ್ರ ಬಂದಿದೆ. ಮೊದಲು ಮೊತ್ತ ನೋಡಿ. ಈ ಹಂತದವರೆಗೆ ಒಟ್ಟು 10, 10, 15, ಮತ್ತು ಮೂರು ಸ್ಲ್ಯಾಬಿನ 30 ಸೇರಿ ಶೇ 65, ಅಂದರೆ 26,00,000. ಹಿಂದೆ ಕಟ್ಟಿದ್ದು ಶೇ 55, ಅಂದರೆ 22,00,000. ಈಗ ಕೊಡಬೇಕಾದ್ದು 4,00,000. ಪತ್ರದಲ್ಲಿ ‘ಈವರೆಗೆ ಒಟ್ಟು ಬೇಡಿಕೆ’, ‘ಈವರೆಗೆ ಜಮಾ’, ‘ಬಾಕಿ’ ಎಂಬ ಮೂರು ಸಾಲು ಇರುತ್ತವೆ. ಕೊನೆಯ ಸಾಲನ್ನು ಮಾತ್ರ ನೋಡಬೇಡಿ. ಮೊದಲನೆಯದು ಕರಾರಿನ ಪಾವತಿ ಪಟ್ಟಿಗೆ, ಎರಡನೆಯದು ನಿಮ್ಮ ರಸೀದಿಗಳ ಮೊತ್ತಕ್ಕೆ ಹೊಂದಬೇಕು.

ಎರಡನೆಯದು ಜಿಎಸ್‌ಟಿ. 2019ರ ಏಪ್ರಿಲ್ 1ರಿಂದ ಕಟ್ಟುತ್ತಿರುವ ವಾಸದ ಮನೆಗೆ ಜಿಎಸ್‌ಟಿ ಶೇ 5, ಕೈಗೆಟಕುವ ಬೆಲೆಯ ಮನೆಗೆ ಶೇ 1 ಎಂದಾಗಿದೆ. ಬೆಂಗಳೂರು, ಚೆನ್ನೈನಂಥ ಮಹಾನಗರಗಳ ಹೊರಗೆ ಕಾರ್ಪೆಟ್ ವಿಸ್ತೀರ್ಣ 90 ಚದರ ಮೀಟರ್ ಮೀರದೆ, ಬೆಲೆ 45 ಲಕ್ಷ ಮೀರದೆ ಇದ್ದರೆ ಅದು ಕೈಗೆಟಕುವ ಮನೆ. ಮಹಾನಗರಗಳಲ್ಲಿ ವಿಸ್ತೀರ್ಣದ ಮಿತಿ 60 ಚದರ ಮೀಟರ್. ಮೈಸೂರು, ಕೊಯಮತ್ತೂರು ಎರಡೂ ಮಹಾನಗರದ ಪಟ್ಟಿಯಲ್ಲಿಲ್ಲ. ನಮ್ಮ ಉದಾಹರಣೆಯ ಮನೆಗೆ ಶೇ 1 ಸಾಕು, ಈ ಕಂತಿಗೆ 4,000 ರೂಪಾಯಿ. ಇಆರ್‌ಪಿಯಲ್ಲಿ ಇಡೀ ಯೋಜನೆಗೆ ಶೇ 5 ಎಂದು ಒಂದೇ ಸಲ ತುಂಬಿಟ್ಟಿದ್ದರೆ ಪತ್ರದಲ್ಲಿ 20,000 ಬರುತ್ತದೆ. 40 ಲಕ್ಷದ ಮೇಲೆ ಇದರ ವ್ಯತ್ಯಾಸ ಒಟ್ಟು 1,60,000 ರೂಪಾಯಿ. ಕಾರು ನಿಲುಗಡೆ, ಮೂಲೆ ಮನೆಯ ಹೆಚ್ಚುವರಿ ಶುಲ್ಕ ಇವೆಲ್ಲ 45 ಲಕ್ಷದ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನೂ ಗಮನಿಸಿ. ಬೆಲೆ 44 ಲಕ್ಷವಿದ್ದು ಈ ಶುಲ್ಕಗಳಿಂದ 46 ಆದರೆ ಶೇ 5ರ ದರವೇ ಸರಿ.

ಮೂರನೆಯದು ಬಡ್ಡಿ. ಗುಮಾಸ್ತಿಕೆ ಮಾಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಿಂದಿನ ಕಂತು 4,04,000 ರೂಪಾಯಿಯ ಕೊನೆಯ ದಿನ ಜೂನ್ 10 ಆಗಿತ್ತು, ನೀವು ಜೂನ್ 8ಕ್ಕೇ ಬ್ಯಾಂಕಿನಿಂದ ನೆಫ್ಟ್ ಮಾಡಿದಿರಿ ಎನ್ನೋಣ. ಆದರೆ ವಿವರದಲ್ಲಿ ಮನೆ ಸಂಖ್ಯೆ ಹಾಕಲಿಲ್ಲ. ಬಿಲ್ಡರ್ ಖಾತೆಗೆ ಹಣ ಬಂತು, ಯಾರದೆಂದು ತಿಳಿಯದೆ ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿತು. ಜುಲೈ 25ಕ್ಕೆ ಯಾರೋ ಗುರುತಿಸಿ ನಿಮ್ಮ ಲೆಡ್ಜರ್‌ಗೆ ಏರಿಸಿದರು. ಏರಿಸುವಾಗ ಹಣ ಬಂದ ದಿನಾಂಕ ಹಾಕದೆ ಅಂದಿನ ದಿನಾಂಕ ಹಾಕಿದರೆ ಕಂಪ್ಯೂಟರ್ 45 ದಿನ ತಡ ಎಂದು ಬಡ್ಡಿ ಕಟ್ಟುತ್ತದೆ. ವರ್ಷಕ್ಕೆ ಶೇ 11 ಎಂದಿಟ್ಟರೆ 4,04,000ಕ್ಕೆ 45 ದಿನಕ್ಕೆ 5,479 ರೂಪಾಯಿ. ನಿಜವಾಗಿ ಕೊಡಬೇಕಾದ್ದು ಸೊನ್ನೆ. ಇದನ್ನು ಬಿಡಿಸಲು ಬ್ಯಾಂಕಿನ ಯುಟಿಆರ್ ಸಂಖ್ಯೆ ಮತ್ತು ದಿನಾಂಕ ಸಾಕು. ಬರೆದು ಕೊಟ್ಟರೆ ಜಮಾ ದಿನಾಂಕ ತಿದ್ದಬಹುದು, ಬಡ್ಡಿ ತಾನಾಗಿಯೇ ಇಳಿಯುತ್ತದೆ.

ಬಡ್ಡಿಯ ದರವನ್ನು ಬಿಲ್ಡರ್ ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಗ್ರಾಹಕ ತಡ ಮಾಡಿದರೆ ಬಿಲ್ಡರ್ ಹಾಕುವ ದರವೂ, ಬಿಲ್ಡರ್ ತಪ್ಪಿದರೆ ಗ್ರಾಹಕನಿಗೆ ಕೊಡುವ ದರವೂ ಒಂದೇ ಇರಬೇಕೆಂದು ರೇರಾ ಹೇಳುತ್ತದೆ. ಕರ್ನಾಟಕ, ತಮಿಳುನಾಡು ಎರಡರ ನಿಯಮದಲ್ಲೂ ಅದು ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ದರಕ್ಕೆ ಶೇ 2 ಸೇರಿಸಿದಷ್ಟು. ಪತ್ರದಲ್ಲಿ ಶೇ 18, ಶೇ 24 ಎಂದಿದ್ದರೆ ಅದು ಹಳೆಯ ಕಾಲದ ದರ ಹಾಗೇ ಉಳಿದುಕೊಂಡದ್ದು.

ಒಂದೇ ಸ್ಲ್ಯಾಬ್, ಎರಡು ಕಡೆ ಲೆಕ್ಕ

ಇಆರ್‌ಪಿಯ ಮೂರನೇ ಭಾಗ ಕಟ್ಟಡದ ಖರ್ಚು. ಗ್ರಾಹಕರಿಗೆ ಇದು ಕಾಣುವುದಿಲ್ಲ, ಆದರೆ ಮೊದಲಿನ ಎರಡೂ ನಿಂತಿರುವುದು ಇದರ ಮೇಲೆ.

ಮೂರನೇ ಸ್ಲ್ಯಾಬ್ ನಿಜವಾಗಿ ಬಿದ್ದಿದ್ದರೆ ಅದರ ಗುರುತು ಖರ್ಚಿನ ಕಡೆಯೂ ಇರಲೇಬೇಕು. ಮಹಡಿಯ ವಿಸ್ತೀರ್ಣ 400 ಚದರ ಮೀಟರ್, ಸ್ಲ್ಯಾಬಿನ ದಪ್ಪ 125 ಮಿಲಿಮೀಟರ್ ಆದರೆ ತೊಲೆಗಳನ್ನು ಬಿಟ್ಟು 50 ಘನ ಮೀಟರ್ ಕಾಂಕ್ರೀಟ್ ಬೇಕು. 6 ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿಯಲ್ಲಿ ಒಂಬತ್ತು ಸಲ ಬರಬೇಕು. ಅಷ್ಟು ಕಾಂಕ್ರೀಟಿನ ಚಲನ್, ಉಗ್ರಾಣದಿಂದ ಕಬ್ಬಿಣ ಕೊಟ್ಟ ಲೆಕ್ಕ, ಅಳತೆ ಪುಸ್ತಕದ ಆಧಾರದಲ್ಲಿ ಗುತ್ತಿಗೆದಾರ ಕೊಟ್ಟ ಚಾಲ್ತಿ ಬಿಲ್ಲು, ಇವೆಲ್ಲ ಇಆರ್‌ಪಿಯಲ್ಲಿ ಇರುತ್ತವೆ. ಗ್ರಾಹಕರಿಗೆ ಮೂರನೇ ಸ್ಲ್ಯಾಬಿನ ಪತ್ರ ಹೋಗಿದೆ, ಗುತ್ತಿಗೆದಾರನ ಬಿಲ್ಲು ಮಾತ್ರ ಎರಡನೇ ಸ್ಲ್ಯಾಬಿಗೇ ನಿಂತಿದೆ ಎಂದರೆ ಎರಡರಲ್ಲಿ ಒಂದು ಸುಳ್ಳು. ಒಳ್ಳೆಯ ಕಂಪನಿಗಳು ಈ ತಾಳೆ ಆಗದೆ ಪತ್ರ ಹೊರಡದಂತೆ ಇಡುತ್ತವೆ.

ಖರ್ಚಿನ ಲೆಕ್ಕದಲ್ಲಿ ನೋಡಬೇಕಾದ್ದು ಮೂರು ಅಂಕಿ: ಈವರೆಗೆ ಖರ್ಚಾದದ್ದು, ಆರ್ಡರ್ ಕೊಟ್ಟು ಒಪ್ಪಿಕೊಂಡದ್ದು, ಇನ್ನು ಮುಂದೆ ಬೇಕಾದದ್ದು. ಕಟ್ಟಡಕ್ಕೆ 12 ಕೋಟಿ ಎಂದು ಅಂದಾಜು ಮಾಡಿದ್ದರು. 5 ಕೋಟಿ ಖರ್ಚಾಗಿದೆ. ಬರೀ ಜಮಾಖರ್ಚು ನೋಡಿದರೆ 7 ಕೋಟಿ ಕೈಯಲ್ಲಿದೆ ಎನಿಸುತ್ತದೆ. ಆದರೆ ಲಿಫ್ಟ್, ಕಬ್ಬಿಣ, ವೈರಿಂಗ್‌ಗೆ 3 ಕೋಟಿ ಆರ್ಡರ್ ಆಗಿದೆ, ಉಳಿದ ಕೆಲಸಕ್ಕೆ ಈಗಿನ ದರದಲ್ಲಿ 6 ಕೋಟಿ ಬೇಕು. ಒಟ್ಟು 14 ಕೋಟಿ, ಅಂದರೆ 2 ಕೋಟಿ ಕೊರತೆ. ಈ ಕೊರತೆ ಮೊದಲೇ ಕಂಡರೆ ಬಿಲ್ಡರ್ ತನ್ನ ಬಂಡವಾಳ ತರಬಹುದು. ಕಾಣದಿದ್ದರೆ ಕೊನೆಯ ಹಂತದಲ್ಲಿ ಗಾರೆ ಆಗದೆ, ಲಿಫ್ಟ್ ಬಾರದೆ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಗ್ರಾಹಕರು ಶೇ 75 ಕಟ್ಟಿಬಿಟ್ಟಿರುತ್ತಾರೆ.

ಇದಕ್ಕೇ ಕಾನೂನು ಒಂದು ತಡೆ ಇಟ್ಟಿದೆ. ಗ್ರಾಹಕರಿಂದ ಬಂದ ಹಣದಲ್ಲಿ ಶೇ 70 ಆ ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು. ಅದನ್ನು ಆ ಯೋಜನೆಯ ನಿರ್ಮಾಣ ಮತ್ತು ಜಮೀನಿನ ವೆಚ್ಚಕ್ಕೆ ಮಾತ್ರ ಬಳಸಬೇಕು. ಕೆಲಸ ಎಷ್ಟು ಆಗಿದೆಯೋ ಅದರ ಪ್ರಮಾಣದಲ್ಲಿ ಮಾತ್ರ ತೆಗೆಯಬಹುದು, ಅದೂ ಎಂಜಿನಿಯರ್, ವಾಸ್ತುಶಿಲ್ಪಿ, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಟ್ಟ ಮೇಲೆ. ಆದ್ದರಿಂದ ನಿಮ್ಮ ಚೆಕ್ಕು ಅಥವಾ ನೆಫ್ಟ್ ಕರಾರಿನಲ್ಲಿ ಬರೆದ ಆ ಯೋಜನೆಯ ಖಾತೆ ಸಂಖ್ಯೆಗೇ ಹೋಗಬೇಕು. ಪತ್ರದಲ್ಲಿ ಬೇರೆ ಖಾತೆ ಕೊಟ್ಟಿದ್ದರೆ ಕಾರಣವನ್ನು ಲಿಖಿತವಾಗಿ ಕೇಳಿ.

ಪತ್ರ ಬಂದಾಗ ಮಾಡಬೇಕಾದ್ದು

1. ಕರಾರಿನ ಪಾವತಿ ಪಟ್ಟಿಯನ್ನೂ ಪತ್ರವನ್ನೂ ಪಕ್ಕಪಕ್ಕ ಇಟ್ಟು ಹಂತದ ಹೆಸರು ಪದಕ್ಕೆ ಪದ ಒಂದೇ ಇದೆಯೇ ನೋಡಿ.

2. ಸೈಟಿಗೆ ಹೋಗಿ, ಆಗದಿದ್ದರೆ ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಇರುವ ನೆಂಟರನ್ನು ಕಳಿಸಿ ದಿನಾಂಕ ಸಹಿತ ಫೋಟೊ ತರಿಸಿ. ಜೊತೆಗೆ ಆ ಹಂತ ಮುಗಿದದ್ದಕ್ಕೆ ಎಂಜಿನಿಯರ್ ಪ್ರಮಾಣಪತ್ರದ ಪ್ರತಿ ಕೇಳಿ. ಯೋಜನೆಯ ಹಂತವಾರು ವೇಳಾಪಟ್ಟಿ ತಿಳಿಯುವುದು ಕಾಯ್ದೆಯ 19ನೇ ಕಲಂ ಕೊಟ್ಟ ಹಕ್ಕು.

3. ರೇರಾ ಜಾಲತಾಣದಲ್ಲಿ ಯೋಜನೆಯ ಪುಟ ತೆರೆಯಿರಿ. ಎಷ್ಟು ಮನೆ ಬುಕ್ ಆಗಿವೆ, ಕೆಲಸ ಎಲ್ಲಿಗೆ ಬಂದಿದೆ ಎಂದು ಬಿಲ್ಡರ್ ಮೂರು ತಿಂಗಳಿಗೊಮ್ಮೆ ಅಲ್ಲಿ ತುಂಬಬೇಕು. ಅಲ್ಲಿ ಎರಡನೇ ಸ್ಲ್ಯಾಬ್, ಪತ್ರದಲ್ಲಿ ನಾಲ್ಕನೇ ಸ್ಲ್ಯಾಬ್ ಇದ್ದರೆ ಪ್ರಶ್ನಿಸಿ. ಆದರೆ ಹಂತಕ್ಕೆ ಹಂತವನ್ನೇ ಹೋಲಿಸಿ, ಶೇಕಡವನ್ನಲ್ಲ. ಪಾವತಿಯ ಶೇ 65 ಎಂದರೆ ಕಟ್ಟಡದ ಶೇ 65 ಎಂದಲ್ಲ. ಮೂರು ತಿಂಗಳ ನಡುವೆ ಒಂದು ಸ್ಲ್ಯಾಬ್ ಮುಂದಿರುವುದೂ ಸಹಜ.

4. ಪ್ರತಿ ಪಾವತಿಯ ವಿವರದಲ್ಲಿ ಬ್ಲಾಕ್ ಮತ್ತು ಮನೆ ಸಂಖ್ಯೆ ಬರೆಯಿರಿ. ವರ್ಷಕ್ಕೆ ಎರಡು ಸಲ ನಿಮ್ಮ ಖಾತೆಯ ಲೆಡ್ಜರ್ ಪ್ರತಿ ಪಡೆಯಿರಿ. ಇಆರ್‌ಪಿ ಇದ್ದ ಕಡೆ ಅದು ಐದು ನಿಮಿಷದ ಕೆಲಸ.

5. ತಕರಾರು ಇದ್ದರೆ ಕೊನೆಯ ದಿನಕ್ಕೆ ಮುಂಚೆಯೇ ಇಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ಬರೆಯಿರಿ, ವಿವಾದವಿಲ್ಲದ ಮೊತ್ತವನ್ನು ಕಟ್ಟಿ. ಸಮಯಕ್ಕೆ ಕಟ್ಟುವುದು ಗ್ರಾಹಕರ ಹೊಣೆ ಎಂದೂ ಅದೇ 19ನೇ ಕಲಂ ಹೇಳುತ್ತದೆ. ಸುಮ್ಮನೆ ನಿಲ್ಲಿಸಿದರೆ ಬಡ್ಡಿ ಓಡುತ್ತದೆ, ಬುಕಿಂಗ್ ರದ್ದತಿಗೂ ದಾರಿಯಾಗುತ್ತದೆ.

ಗಡಿಯವರು ಗಮನಿಸಬೇಕಾದ್ದು

ನೀವು ಯಾವ ರಾಜ್ಯದವರು ಎಂಬುದಲ್ಲ, ಕಟ್ಟಡ ಯಾವ ರಾಜ್ಯದಲ್ಲಿದೆ ಎಂಬುದೇ ಮುಖ್ಯ. ತಾಳವಾಡಿಯವರು ಚಾಮರಾಜನಗರದಲ್ಲಿ ಕೊಂಡರೆ ದೂರು ಕರ್ನಾಟಕ ರೇರಾಕ್ಕೆ, ಚಾಮರಾಜನಗರದವರು ಸತ್ಯಮಂಗಲದಲ್ಲಿ ಕೊಂಡರೆ ತಮಿಳುನಾಡು ರೇರಾಕ್ಕೆ. ಜಾಲತಾಣಗಳು rera.karnataka.gov.in ಮತ್ತು rera.tn.gov.in. ಕರ್ನಾಟಕದ ಯೋಜನೆಗಳ ನೋಂದಣಿ ಸಂಖ್ಯೆ PRM/KA/RERA ಎಂದು ಶುರುವಾಗುತ್ತದೆ, ತಮಿಳುನಾಡಿನದು TN ಎಂದು. ಪತ್ರದಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಕೇಳಿ. ಜಮೀನು 500 ಚದರ ಮೀಟರ್ ಮೀರದ, ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇಲ್ಲದ ಸಣ್ಣ ಕಟ್ಟಡಗಳಿಗೆ ಈ ನೋಂದಣಿ ಕಡ್ಡಾಯವಲ್ಲ. ಅಂಥ ಕಡೆ ರೇರಾ ಪುಟದ ತಾಳೆ ಸಿಗುವುದಿಲ್ಲ. ಅಲ್ಲಿ ಕರಾರಿನ ಮಾತು ಮತ್ತು ಕಣ್ಣಾರೆ ಕಂಡ ಕಟ್ಟಡ ಇವೆರಡೇ ಆಧಾರ.

ಕಂತಿನ ಪತ್ರ ಓದಲು ತೊಡಕಾಗುವ ಸದಸ್ಯರು ಕರಾರಿನ ಪಾವತಿ ಪಟ್ಟಿ, ಈವರೆಗಿನ ರಸೀದಿಗಳು ಮತ್ತು ಬಂದ ಪತ್ರ, ಈ ಮೂರನ್ನೂ ತಂದರೆ ಸಂಘದ ಮಾಸಿಕ ಸಭೆಯ ನಂತರ ಕುಳಿತು ತಾಳೆ ನೋಡಬಹುದು.

— ಕಾರ್ಯದರ್ಶಿ